ಲಗ್ನಪತ್ರಿಕೆಯ ಕೆಳಗಿನ ಎರಡು ಸಾಲು

ಲಗ್ನಪತ್ರಿಕೆಯನ್ನು ಓದುವ ನಮ್ಮ ರೂಢಿ ಮೇಲಿನಿಂದ ಕೆಳಕ್ಕೆ. ಶಿರೋಭಾಗದಲ್ಲಿ ಕುಲದೇವರ ಪ್ರಸನ್ನತೆ, ಅದರ ಕೆಳಗೆ ಮಠದ ಸ್ವಾಮಿಗಳ ಸಾನ್ನಿಧ್ಯ, ನಡುವೆ ವಧೂವರರ ಹೆಸರು, ಆಮೇಲೆ ಅಕ್ಷತೆಯ ವೇಳೆ ಮತ್ತು ಸ್ಥಳ. ಇಷ್ಟನ್ನು ನೋಡಿದರೆ ಪತ್ರಿಕೆಯನ್ನು ಓದಿ ಮುಗಿಸಿದಂತೆಯೇ ಸರಿ. ಕೆಳತುದಿಯ ಸಣ್ಣಕ್ಷರಗಳಲ್ಲಿ ಇರುವುದು ಬೀಗರ ಮತ್ತು ಬಂಧುಗಳ ಪಟ್ಟಿ. ತಮ್ಮ ಹೆಸರು ಬಿಟ್ಟುಹೋಗಿದೆಯೋ ಎಂದು ನೋಡುವವರ ಹೊರತು ಅದನ್ನು ಓದುವವರು ವಿರಳ. ಇಂಗ್ಲಿಷ್ ಪದ್ಧತಿಯ ಪತ್ರಿಕೆಯಲ್ಲಿ ಈ ಕ್ರಮವೇ ತಲೆಕೆಳಗು. ಅಲ್ಲಿ ಮೇಲಿನ ಭಾಗವೆಲ್ಲ ಸಂತೋಷದ ಸಮಾಚಾರ. ಕರೆಸಿಕೊಂಡವನು ಮಾಡಬೇಕಾದ ಕೆಲಸವಿರುವುದು ಕೆಳಗಿನ ಎರಡು ಮೂಲೆಗಳಲ್ಲಿ. ಎಡಮೂಲೆಯಲ್ಲಿ ಆರ್. ಎಸ್. ವಿ. ಪಿ. ಎಂಬ ನಾಲ್ಕು ಅಕ್ಷರ, ಬಲಮೂಲೆಯಲ್ಲಿ ಉಡುಪಿನ ಸೂಚನೆ.

ಇಂಥ ಪತ್ರಿಕೆಗಳು ಈಗ ನಮ್ಮ ನಿಪ್ಪಾಣಿ, ಚಿಕ್ಕೋಡಿ ಭಾಗದ ಹಳ್ಳಿಗಳಿಗೂ ಬರುತ್ತಿವೆ. ಮಕ್ಕಳು ಪುಣೆ, ಬೆಂಗಳೂರುಗಳನ್ನು ದಾಟಿ ಲಂಡನ್ನಿನಲ್ಲಿಯೂ ಅಮೆರಿಕೆಯಲ್ಲಿಯೂ ನೆಲೆಸಿದ ಮೇಲೆ ಇದು ಸಹಜವೇ. ಅಕ್ಕೋಳದ ಒಂದು ಮನೆಗೆ ಬಂದ ಇಂಥದೊಂದು ಪತ್ರಿಕೆಯನ್ನು ಹೆಸರುಗಳನ್ನು ಬಿಟ್ಟು ನಿಮ್ಮ ಮುಂದಿಡುತ್ತೇನೆ. ವರನು ಲಂಡನ್ನಿನಲ್ಲಿ ಕೆಲಸದಲ್ಲಿರುವವನು. ಅವನ ಸ್ನೇಹಿತರಲ್ಲಿ ಅನೇಕರು ಪರದೇಶದವರಾದ್ದರಿಂದ ಮದುವೆಯನ್ನು ಗೋವೆಯ ಸಮುದ್ರತೀರದ ಒಂದು ಹೋಟೆಲಿನಲ್ಲಿ ಇಟ್ಟುಕೊಂಡಿದ್ದರು. ಡಿಸೆಂಬರ್ 6, ಶನಿವಾರ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಅಕ್ಷತೆ. ಅದೇ ಸಂಜೆ ಆರೂವರೆಗೆ ಆರತಕ್ಷತೆ, ಏಳಕ್ಕೆ ಊಟ. ಎಡಮೂಲೆಯಲ್ಲಿ, ‘ಆರ್. ಎಸ್. ವಿ. ಪಿ., ನವೆಂಬರ್ 8ರೊಳಗೆ’ ಎಂದೂ ಅದರ ಕೆಳಗೆ ಒಂದು ದೂರವಾಣಿ ಸಂಖ್ಯೆಯೂ ಇದ್ದವು. ಬಲಮೂಲೆಯಲ್ಲಿ ‘ಫಾರ್ಮಲ್ ಈವ್ನಿಂಗ್ ವೇರ್’ ಎಂದಿತ್ತು. ಜೊತೆಗೆ ಅಂಗೈಯಗಲದ ಇನ್ನೊಂದು ಚಿಕ್ಕ ಕಾರ್ಡು.

ಆ ಮನೆಯ ಯಜಮಾನರು ವರನ ಸೋದರಮಾವ, ಅರವತ್ತೈದು ದಾಟಿದವರು, ಧೋತರ, ರುಮಾಲು ಬಿಟ್ಟು ಬೇರೆ ಉಡುಪನ್ನು ಕಂಡವರಲ್ಲ. ಪತ್ರಿಕೆಯ ಅರ್ಥವನ್ನು ಮೊಮ್ಮಗಳಿಂದ ಓದಿಸಿ ಕೇಳಿದವರೇ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಸುಮ್ಮನಾದರು. ನನ್ನೊಡನೆ ಮಾತು ಬಂದಾಗ ಅವರು ಅಂದದ್ದು ಇಷ್ಟು: “ಮಾಸ್ತರ, ಅಕ್ಕನ ಮಗನ ಲಗ್ನಕ್ಕ ಸೋದರಮಾವ ಬರ್ತಾನೋ ಇಲ್ಲೋ ಅಂತ ಯಾರರ ಕೇಳ್ತಾರೇನ್ರೀ? ಮ್ಯಾಲೆ ಇಂಥಾ ಅರಿಬಿ ಹಾಕ್ಕೊಂಡ ಬಾ ಅಂತ ಬ್ಯಾರೆ. ಬರೂದ ಬ್ಯಾಡ ಅಂತ ಬಾಯಿಲೇ ಹೇಳಿದ್ರ ಆಗ್ತಿತ್ತು.”

ನವೆಂಬರ್ 8 ಕಳೆಯಿತು. ಆ ಕಡೆ ಗಂಡಿನ ಮನೆಯವರು, ಮಾವನಿಂದ ಉತ್ತರವೇ ಇಲ್ಲವಾದ್ದರಿಂದ ಅವರಿಗೆ ಬರುವ ಮನಸ್ಸಿಲ್ಲ, ಹಳೆಯ ಹೊಲದ ವ್ಯಾಜ್ಯವನ್ನು ಇನ್ನೂ ಮರೆತಿಲ್ಲ ಎಂದು ಕೊರಗುತ್ತಿದ್ದರು. ಎರಡು ಮನೆಗಳ ಮಧ್ಯೆ ಬಿರುಕು ಬೀಳಲು ನಾಲ್ಕು ಅಕ್ಷರ ಸಾಕಾದುವು. ಆದ್ದರಿಂದ ಈ ಅಕ್ಷರಗಳನ್ನು ಮೊದಲು ಬಿಡಿಸಿ ನೋಡೋಣ.

ಆರ್. ಎಸ್. ವಿ. ಪಿ. ಎಂಬುದು ಇಂಗ್ಲಿಷ್ ಮಾತಿನ ಸಂಕ್ಷೇಪವೇ ಅಲ್ಲ, ಫ್ರೆಂಚ್ ಭಾಷೆಯದು. ಯೂರೋಪಿನ ಅರಮನೆಗಳಲ್ಲಿ ಫ್ರೆಂಚ್ ಶಿಷ್ಟಭಾಷೆಯಾಗಿ ಮೆರೆದಿದ್ದ ಕಾಲದಲ್ಲಿ ಉಪಚಾರದ ಮಾತುಗಳನ್ನು ಇಂಗ್ಲಿಷಿನವರು ಅಲ್ಲಿಂದ ಎರವು ಪಡೆದರು. ಅವುಗಳಲ್ಲಿ ಇದೂ ಒಂದು. ಪೂರ್ಣ ವಾಕ್ಯ ‘ರೆಪೊಂದೆ ಸಿಲ್ ವೂ ಪ್ಲೆ’. ‘ರೆಪೊಂದೆ’ ಎಂದರೆ ಉತ್ತರಿಸಿರಿ. ‘ಸಿಲ್’ ಎಂದರೆ ಅದು ಹಾಗಿದ್ದಲ್ಲಿ. ‘ವೂ’ ಎಂದರೆ ತಮಗೆ. ‘ಪ್ಲೆ’ ಎಂದರೆ ಮೆಚ್ಚಿಗೆಯಾಗುವುದು. ಕೂಡಿಸಿದರೆ, ‘ತಮಗೆ ಮೆಚ್ಚಿಗೆಯಾದರೆ ಉತ್ತರ ಕೊಡಿರಿ’. ಕನ್ನಡದ ವ್ಯಾಕರಣ ಕಲಿತವರಿಗೆ ಇದರಲ್ಲಿ ಎರಡು ಪರಿಚಿತ ಮುಖಗಳು ಕಾಣಿಸುತ್ತವೆ. ನಾವು ‘ತಮಗೆ ಇಷ್ಟವಾದರೆ’ ಎಂದು ಚತುರ್ಥಿಯನ್ನು ಬಳಸುವಂತೆಯೇ ಅವರೂ ಬಳಸುತ್ತಾರೆ. ಒಬ್ಬನನ್ನೇ ಕರೆಯುವಾಗಲೂ ಗೌರವಕ್ಕಾಗಿ ನಾವು ಬಹುವಚನ ಹಾಕುವಂತೆಯೇ ಅವರ ‘ವೂ’ ಕೂಡ ಬಹುವಚನ. ಸೋದರಮಾವನಿಗೆ ಒರಟಾಗಿ ಕೇಳಿಸಿದ ಆ ನಾಲ್ಕು ಅಕ್ಷರಗಳ ಒಳಗೆ ಅಡಗಿದ್ದುದು ‘ತಾವು’ ಎಂಬ ಮರ್ಯಾದೆಯೇ.

ಹಾಗೆ ನೋಡಿದರೆ ಸಂಕ್ಷೇಪಗಳು ನಮಗೆ ಹೊಸವಲ್ಲ. ನಮ್ಮ ಪತ್ರಿಕೆಯಲ್ಲಿ ವರನ ಹಿಂದೆ ‘ಚಿ.’ ಇದೆ, ವಧುವಿನ ಹಿಂದೆ ‘ಚಿ. ಸೌ.’ ಇದೆ; ಸ್ವಾಮಿಗಳ ಹಿಂದೆ ‘ಶ್ರೀ ಮ. ನಿ. ಪ್ರ.’ ಇದೆ. ಪರದೇಶದವನೊಬ್ಬ ಇವನ್ನು ಕಂಡರೆ ನಮ್ಮಂತೆಯೇ ಕಣ್ಣರಳಿಸಿಯಾನು. ವ್ಯತ್ಯಾಸವಿಷ್ಟೇ. ನಮ್ಮ ಸಂಕ್ಷೇಪಗಳು ಅರ್ಥವಾಗದಿದ್ದರೂ ನಷ್ಟವಿಲ್ಲ, ಅವು ಬಿರುದುಗಳು. ಅವರದು ಕ್ರಿಯಾಪದ, ಅರ್ಥವಾಗದಿದ್ದರೆ ಕೆಲಸ ಕೆಡುತ್ತದೆ. ಇನ್ನೊಂದು ಮಾತು. ‘ಪ್ಲೀಸ್ ಆರ್. ಎಸ್. ವಿ. ಪಿ.’ ಎಂದು ಅಚ್ಚು ಹಾಕಿಸುವವರಿದ್ದಾರೆ. ದಯವಿಟ್ಟು ಎಂಬ ಭಾವ ಆ ಅಕ್ಷರಗಳಲ್ಲೇ ಇರುವುದರಿಂದ ಇದು ‘ನಡುಮಧ್ಯ’ ಎಂದಂತೆ ದ್ವಿರುಕ್ತಿ. ಆದರೂ ಇದು ದೊಡ್ಡ ತಪ್ಪಲ್ಲ. ವಿನಯ ಎರಡು ಸಲ ಬಂದರೆ ಯಾರಿಗೂ ನೋವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಉತ್ತರವನ್ನು ಕೇಳುವುದಾದರೂ ಏಕೆ? ನಮ್ಮಲ್ಲಿ ಕರೆಯುವವರು ಮನೆಗೆ ಬಂದು ಅಕ್ಷತೆ ಕೊಟ್ಟು, ಕುಂಕುಮ ಹಚ್ಚಿ, “ಮನೀ ಮಂದೆಲ್ಲಾ ಬರ್ರಿ ಮತ್ತ” ಎನ್ನುತ್ತಾರೆ. ನಾವು “ಬರ್ತೀವ್ರಿ” ಎನ್ನುತ್ತೇವೆ. ಹೋಗಲು ಸಾಧ್ಯವಿಲ್ಲವೆಂದು ಆಗಲೇ ಗೊತ್ತಿದ್ದರೂ ಹಾಗೆಯೇ ಎನ್ನುತ್ತೇವೆ. ಅಕ್ಷತೆ ಹಿಡಿದು ಬಂದವರಿಗೆ ಬರುವುದಿಲ್ಲವೆನ್ನುವುದು ಅಪಶಕುನವೆಂದು ನಮ್ಮ ಹಿರಿಯರು ಭಾವಿಸಿದ್ದರು. ಹೀಗಾಗಿ ನಮ್ಮ ‘ಬರ್ತೀವಿ’ ಎಂಬುದು ಹಾರೈಕೆಯೇ ಹೊರತು ಲೆಕ್ಕವಲ್ಲ. ಕರೆದವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೌನವಾಗಿದ್ದವನೂ ನಮ್ಮಲ್ಲಿ ಬರುವವನೇ.

ಇದು ನಡೆಯುವುದು ನಮ್ಮ ಅಡಿಗೆಯ ಮತ್ತು ಪಂಕ್ತಿಯ ವ್ಯವಸ್ಥೆಯಿಂದ. ಅಡಿಗೆಯವನು ತಲೆಗಳನ್ನು ಎಣಿಸುವುದಿಲ್ಲ; ಅಕ್ಕಿಯನ್ನೂ ಗೋದಿಯನ್ನೂ ಅಂದಾಜಿನಿಂದ ತೂಗುತ್ತಾನೆ. ಐವತ್ತು ಜನ ಹೆಚ್ಚಾದರೆ ಇನ್ನೊಂದು ಪಂಕ್ತಿ ಏಳುತ್ತದೆ, ಸಾರಿಗೆ ಇನ್ನೊಂದು ಕೊಡ ನೀರು ಬೀಳುತ್ತದೆ, ಹುಗ್ಗಿ ಕಡಿಮೆಯಾದರೆ ಮನೆಯವರು ಕೊನೆಗೆ ಉಣ್ಣುತ್ತಾರೆ. ಐವತ್ತು ಜನ ಕಡಿಮೆಯಾದರೆ ನೆರೆಯ ಓಣಿಯವರಿಗೆ ಡಬ್ಬಿ ಹೋಗುತ್ತದೆ.

ಗೋವೆಯ ಆ ಹೋಟೆಲಿನಲ್ಲಿ ಏರ್ಪಾಡು ಬೇರೆ. ದುಂಡು ಮೇಜುಗಳು, ಒಂದೊಂದಕ್ಕೆ ಹತ್ತು ಕುರ್ಚಿ, ಒಂದೊಂದು ಕುರ್ಚಿಯ ಮುಂದೆ ಕೂರುವವರ ಹೆಸರಿನ ಚೀಟಿ. ಊಟವನ್ನು ತಟ್ಟೆಯಲ್ಲಿ ಬಡಿಸಿಯೇ ತರುವರು. ಹೋಟೆಲಿನವರಿಗೆ ಮದುವೆಗೆ ವಾರ, ಹತ್ತು ದಿನ ಮೊದಲು ಖಚಿತವಾದ ಸಂಖ್ಯೆಯನ್ನು ಕೊಡಬೇಕು. ಹಾಗೆ ಕೊಟ್ಟಷ್ಟು ತಟ್ಟೆಗೂ ಹಣ ತೆರಬೇಕು, ಉಂಡರೂ ಅಷ್ಟೇ, ಉಣ್ಣದಿದ್ದರೂ ಅಷ್ಟೇ. ಕೊಟ್ಟದ್ದಕ್ಕಿಂತ ಹೆಚ್ಚು ಜನ ಬಂದರೆ ಕುರ್ಚಿಯೇ ಇಲ್ಲ. ಆದ್ದರಿಂದಲೇ ಪತ್ರಿಕೆಯಲ್ಲಿ ಮದುವೆಗೆ ಸರಿಯಾಗಿ ನಾಲ್ಕು ವಾರ ಮುಂಚಿನ ತಾರೀಖನ್ನು ಹಾಕಿದ್ದರು. ಉತ್ತರ ಬಾರದವರನ್ನು ಒಂದೆರಡು ಸಲ ವಿಚಾರಿಸಿ, ಮೇಜುಗಳ ಪಟ್ಟಿ ಹಾಕಿ, ಸಂಖ್ಯೆ ಕೊಡಲು ಅಷ್ಟು ದಿನ ಬೇಕು. ಈ ಲೆಕ್ಕದಲ್ಲಿ ಮೌನಕ್ಕೆ ಸ್ಥಾನವಿಲ್ಲ. ಮೌನ ಸಮ್ಮತಿಯ ಲಕ್ಷಣವೆಂದು ನಾವು ಬೆಳೆದವರು. ಅಲ್ಲಿ ಮೌನವೆಂದರೆ ಒಂದೋ ಬರುವುದಿಲ್ಲ, ಇಲ್ಲವೇ ಕರೆದವರ ಮೇಲೆ ಲಕ್ಷ್ಯವಿಲ್ಲ. ಅದೇ ಮೌನ ಇಲ್ಲಿ ಸಮ್ಮತಿ, ಅಲ್ಲಿ ತಿರಸ್ಕಾರ. ಸೋದರಮಾವನಿಗೂ ಅಕ್ಕನ ಮನೆಗೂ ನಡುವೆ ಬಿದ್ದ ತೊಡಕಿನ ಬೇರು ಇಲ್ಲಿಯೇ ಇತ್ತು. ಮಾವ ಬರುವನೋ ಇಲ್ಲವೋ ಎಂಬ ಸಂಶಯದಿಂದ ಅವರು ಕೇಳಿದುದಲ್ಲ. ಅವರ ಹೆಸರಿನ ಕುರ್ಚಿಯನ್ನು ಎಲ್ಲಿ ಹಾಕಿಸಲೆಂದು ಕೇಳಿದುದು.

ಇದಕ್ಕೊಂದು ಅಪವಾದವುಂಟು, ಅದನ್ನು ಗಮನಿಸಬೇಕು. ಕೆಲವು ಪತ್ರಿಕೆಗಳಲ್ಲಿ ಆರ್. ಎಸ್. ವಿ. ಪಿ. ಬದಲು ‘ರಿಗ್ರೆಟ್ಸ್ ಓನ್ಲಿ’ ಎಂದಿರುತ್ತದೆ. ಬರಲಾಗದವರು ಮಾತ್ರ ತಿಳಿಸಿರಿ ಎಂದು ಅದರ ತಾತ್ಪರ್ಯ. ಇಲ್ಲಿ ಸುಮ್ಮನಿದ್ದವನು ಬರುವವರ ಲೆಕ್ಕಕ್ಕೆ ಸೇರುತ್ತಾನೆ. ನಮ್ಮ ಪದ್ಧತಿಗೆ ಇದೇ ಹತ್ತಿರ.

ಉತ್ತರವನ್ನು ಯಾರ ಪರವಾಗಿ ಕೊಡಬೇಕು? ಇದಕ್ಕೆ ಲಕೋಟೆಯನ್ನು ನೋಡಬೇಕು. ನಮ್ಮ ಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬ ಮಾತು ಪ್ರತಿಯೊಬ್ಬರಿಗೂ ಅಚ್ಚಾಗಿರುತ್ತದೆ. ಅಲ್ಲಿ ಹಾಗಲ್ಲ, ಲಕೋಟೆಯ ಮೇಲೆ ಯಾರ ಹೆಸರಿದೆಯೋ ಅವರಿಗೆ ಮಾತ್ರ ಆಮಂತ್ರಣ. ‘ಶ್ರೀ ಮತ್ತು ಶ್ರೀಮತಿ’ ಎಂದಿದ್ದರೆ ಇಬ್ಬರು. ‘ಮತ್ತು ಕುಟುಂಬ’ ಎಂದಿದ್ದರೆ ಒಂದೇ ಮನೆಯಲ್ಲಿ ವಾಸಿಸುವ ಮಕ್ಕಳೂ ಸೇರಿದರು. ಲಗ್ನವಾಗಿ ಬೇರೆ ಹೋದ ಮಗಳು ಸೇರಲಿಲ್ಲ. ಇದು ನಮಗೆ ಕಟುವಾಗಿ ತೋರುವುದು ನಿಜ. ಆದರೆ ಬಿಟ್ಟುಹೋದವರನ್ನು ಕರೆದೊಯ್ಯಬಹುದೇ ಎಂದು ದೂರವಾಣಿಯಲ್ಲಿ ಕೇಳುವುದಕ್ಕೆ ಅಡ್ಡಿಯಿಲ್ಲ. ಕೇಳದೆ ಕರೆದೊಯ್ಯುವುದಕ್ಕೆ ಮಾತ್ರ ಅಡ್ಡಿ.

ಪತ್ರಿಕೆಯ ಜೊತೆಗಿದ್ದ ಚಿಕ್ಕ ಕಾರ್ಡು ಉತ್ತರದ ಕಾರ್ಡು. ಅದರ ಮೊದಲ ಸಾಲಿನಲ್ಲಿ ‘ಎಂ’ ಎಂಬ ಒಂದೇ ಅಕ್ಷರ, ಮುಂದೆ ಉದ್ದನೆಯ ಗೆರೆ. ಈ ‘ಎಂ’ ಏನೆಂದು ಓದಿದವರೂ ತಬ್ಬಿಬ್ಬಾಗುತ್ತಾರೆ. ಮಿಸ್ಟರ್, ಮಿಸೆಸ್, ಮಿಸ್ ಎಂಬ ಮೂರು ಇಂಗ್ಲಿಷ್ ಗೌರವಸೂಚಕಗಳಿಗೂ ಮೊದಲಕ್ಷರ ಅದೇ ಆದುದರಿಂದ ಅದನ್ನು ಅಚ್ಚು ಹಾಕಿ, ಉಳಿದುದನ್ನು ನಿಮ್ಮ ಕೈಗೆ ಬಿಟ್ಟಿದ್ದಾರೆ. ಗೆರೆಯ ಮೇಲೆ ನಿಮ್ಮ ಹೆಸರು ತುಂಬಬೇಕು. ಅದರ ಕೆಳಗೆ, ಬರುತ್ತೇವೆ ಅಥವಾ ಬರಲಾಗದು ಎಂಬುದಕ್ಕೆ ಗುರುತು. ಅದರ ಕೆಳಗೆ, ಬರುವವರೆಷ್ಟು. ಕಡೆಗೆ, ಸಸ್ಯಾಹಾರವೋ ಮಾಂಸಾಹಾರವೋ. ಕಾರ್ಡು ಇಲ್ಲದಿದ್ದರೆ ಇದೇ ನಾಲ್ಕು ಸಂಗತಿಗಳನ್ನು ದೂರವಾಣಿಯಲ್ಲಿ ಹೇಳಿದರಾಯಿತು, ಇಲ್ಲವೇ ಒಂದು ಓಲೆ ಬರೆದರಾಯಿತು. ಕನ್ನಡದ ಮನೆಗೆ ಬರೆಯುವಾಗ ಕನ್ನಡದಲ್ಲಿಯೇ ಬರೆಯಬಹುದು. ಫ್ರೆಂಚ್ ಅಕ್ಷರಗಳಿಗೆ ಹೆದರಿ ಇಂಗ್ಲಿಷಿಗೆ ಜೋತುಬೀಳಬೇಕಾಗಿಲ್ಲ. ಸೋದರಮಾವನ ಪರವಾಗಿ ಮೊಮ್ಮಗಳು ಬರೆದು ಕಳಿಸಿದ ಉತ್ತರ ಹೀಗಿತ್ತು: “ಚಿರಂಜೀವಿಯ ಮದುವೆಯ ಕರೆಯೋಲೆ ಮುಟ್ಟಿತು. ಅಜ್ಜ ಮತ್ತು ಅಜ್ಜಿ, ಇಬ್ಬರು, ಬೆಳಗಿನ ಅಕ್ಷತೆಗೂ ಸಂಜೆಯ ಊಟಕ್ಕೂ ಬರುತ್ತಾರೆ. ಇಬ್ಬರದೂ ಸಸ್ಯಾಹಾರ.” ಇದರಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡು ಸಮಾರಂಭಗಳಿದ್ದರೆ ಯಾವುದಕ್ಕೆ ಬರುವಿರೆಂದು ಬಿಡಿಸಿ ಹೇಳುವುದನ್ನು ಮಾತ್ರ ಮರೆಯಬಾರದು. ತಾರೀಖು ಕಳೆದು ಐದು ದಿನವಾಗಿದ್ದರೂ ಹೋಟೆಲಿಗೆ ಸಂಖ್ಯೆ ಇನ್ನೂ ಹೋಗಿರಲಿಲ್ಲ; ಕುರ್ಚಿಗಳೆರಡು ಸಿಕ್ಕವು.

ಬರಲಾಗದಿದ್ದರೆ ಕಾರಣಗಳ ಪುರಾಣ ಬೇಡ. ‘ಬರಲು ಅನುಕೂಲವಾಗುತ್ತಿಲ್ಲ, ಇಲ್ಲಿಂದಲೇ ಅಕ್ಷತೆ ಹಾಕುತ್ತೇವೆ’ ಎಂದರೆ ಸಾಕು. ಬರುತ್ತೇವೆಂದ ಮೇಲೆ ಅಡಚಣೆ ಬಂದರೆ ಆ ಕ್ಷಣವೇ ತಿಳಿಸಬೇಕು. ಒಪ್ಪಿಕೊಂಡು ಹೋಗದಿರುವುದನ್ನು ಅವರು ಉತ್ತರ ಕೊಡದಿರುವುದಕ್ಕಿಂತ ದೊಡ್ಡ ಅಪರಾಧವೆಂದು ಎಣಿಸುತ್ತಾರೆ. ತಟ್ಟೆಯ ಲೆಕ್ಕವನ್ನು ನೋಡಿದರೆ ಅದು ನ್ಯಾಯವೇ.

ನಮ್ಮ ದೇಶದಲ್ಲಿ ಅಚ್ಚಾಗುವ ಎಷ್ಟೋ ಪತ್ರಿಕೆಗಳಲ್ಲಿ ಈ ಅಕ್ಷರಗಳು ಬರಿಯ ಅಲಂಕಾರವಾಗಿರುವುದೂ ಉಂಟು. ಆರ್. ಎಸ್. ವಿ. ಪಿ. ಎಂದು ತಲೆಬರಹ ಕೊಟ್ಟು ಅದರ ಕೆಳಗೆ ಕಾಕಂದಿರ, ಮಾವಂದಿರ ಹೆಸರುಗಳನ್ನೂ ಅಂಗಡಿಯ ಹೆಸರನ್ನೂ ಸಾಲಾಗಿ ಜೋಡಿಸಿರುತ್ತಾರೆ. ‘ಸುಖಾಗಮನ ಬಯಸುವವರು’ ಎಂಬುದರ ಇಂಗ್ಲಿಷ್ ರೂಪ ಇದೇ ಎಂದು ಅಚ್ಚುಕೂಟದವರು ನಂಬಿದಂತಿದೆ. ಅಲ್ಲಿ ಉತ್ತರವನ್ನು ಯಾರೂ ಕಾಯುತ್ತಿರುವುದಿಲ್ಲ. ನಿಜವಾಗಿ ಕಾಯುತ್ತಿದ್ದಾರೆಯೇ ಎಂದು ತಿಳಿಯುವುದು ಹೇಗೆ? ತಾರೀಖನ್ನು ನೋಡಿರಿ. ಇಂಥ ದಿನದೊಳಗೆ ಎಂದು ಗಡುವಿದ್ದು, ಒಬ್ಬರದೇ ಹೆಸರು ಅಥವಾ ಸಂಖ್ಯೆ ಇದ್ದರೆ ಅದು ಲೆಕ್ಕದ ಪತ್ರಿಕೆ. ಗಡುವಿಲ್ಲದೆ ಹತ್ತು ಹೆಸರುಗಳಿದ್ದರೆ ಅದು ಶೋಭೆಯ ಪತ್ರಿಕೆ.

ಇನ್ನು ಬಲಮೂಲೆ. ‘ಫಾರ್ಮಲ್ ಈವ್ನಿಂಗ್ ವೇರ್’ ಎಂಬುದನ್ನು ಪತ್ರಿಕೆಗಳು ‘ಔಪಚಾರಿಕ ಸಂಜೆ ಉಡುಪು’ ಎಂದು ಅನುವಾದಿಸುತ್ತವೆ. ಶಬ್ದಕ್ಕೆ ಶಬ್ದ ಸರಿಯೇ. ಆದರೆ ಉಪಚಾರದಿಂದ ಹುಟ್ಟಿದ ಔಪಚಾರಿಕವೆಂಬ ಶಬ್ದ ಈಗ ‘ಬರಿಯ ತೋರಿಕೆಗೆ’ ಎಂಬ ಅರ್ಥಕ್ಕೆ ಇಳಿದಿದೆ. ‘ಶಿಷ್ಟವಾದ ಸಂಜೆಯುಡುಪು’ ಎಂದರೆ ಭಾವ ಹೆಚ್ಚು ಸರಿಹೋಗುತ್ತದೆಂದು ನನ್ನ ಮತ. ಇದರಲ್ಲಿ ‘ಸಂಜೆ’ ಎಂಬ ಶಬ್ದವೂ ಸುಮ್ಮನೆ ಬಂದದ್ದಲ್ಲ. ಆ ಸಂಪ್ರದಾಯದಲ್ಲಿ ಹಗಲಿನ ಶಿಷ್ಟ ಉಡುಪು ಬೇರೆ, ಸಂಜೆ ಆರರ ಮೇಲಿನದು ಬೇರೆ; ನಾವು ಮಡಿಬಟ್ಟೆಯನ್ನು ಪೂಜೆಗೆ ಮೀಸಲಿಟ್ಟಂತೆ ಅವರು ವೇಳೆಗೆ ತಕ್ಕಂತೆ ಬಟ್ಟೆಯನ್ನು ಮೀಸಲಿಟ್ಟಿದ್ದಾರೆ.

ಆ ಸಂಜೆಯುಡುಪಿನಲ್ಲಿ ಎರಡು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿಗೆ ‘ವೈಟ್ ಟೈ’ ಎಂದು ಹೆಸರು. ಮುಂದೆ ಗಿಡ್ಡವಾಗಿ ಹಿಂದೆ ಎರಡು ಬಾಲ ಇಳಿಬಿದ್ದಿರುವ ಕರಿಯ ಕೋಟು, ಬಿಳಿಯ ವೇಸ್ಟ್‌ಕೋಟು, ಕೊರಳಲ್ಲಿ ಚಿಟ್ಟೆಯಾಕಾರದ ಬಿಳಿಯ ಟೈ. ಕೆಳಗಿನ ಮೆಟ್ಟಿಲು ‘ಬ್ಲ್ಯಾಕ್ ಟೈ’. ಬಾಲವಿಲ್ಲದ ಕರಿಯ ಕೋಟು, ಅದರ ಕೊರಳಪಟ್ಟಿಗೆ ರೇಷ್ಮೆಯ ಹೊದಿಕೆ, ಷರಾಯಿಯ ಹೊರಬದಿಯುದ್ದಕ್ಕೂ ರೇಷ್ಮೆಯ ಪಟ್ಟಿ, ಬಿಳಿಯ ಅಂಗಿ, ಚಿಟ್ಟೆಯಾಕಾರದ ಕರಿಯ ಟೈ. ಇಂಗ್ಲೆಂಡಿನವರು ಈ ಕೋಟನ್ನು ಡಿನ್ನರ್ ಜಾಕೆಟ್ ಎನ್ನುವರು. ಅಮೆರಿಕದವರು ಟಕ್ಸೀಡೊ ಎನ್ನುವರು. ಈ ಎರಡನೆಯ ಹೆಸರು ನ್ಯೂಯಾರ್ಕ್ ಸಂಸ್ಥಾನದ ಟಕ್ಸೀಡೊ ಪಾರ್ಕ್ ಎಂಬ ಊರಿನಿಂದ ಬಂದದ್ದು. ಇದರೊಡನೆ ನಡುವಿಗೆ ಸುತ್ತುವ ನೆರಿಗೆಯ ಪಟ್ಟಿಯೊಂದುಂಟು. ಅದಕ್ಕೆ ಅವರು ಹೇಳುವ ಹೆಸರು ‘ಕಮರ್‌ಬಂಡ್’. ನಮ್ಮ ಕಮರಬಂದವೇ! ಫಾರಸಿಯಿಂದ ಹಿಂದೂಸ್ಥಾನಿಗೆ ಬಂದ ಮಾತದು. ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ನಮ್ಮ ಸೆಕೆಯಲ್ಲಿ ವೇಸ್ಟ್‌ಕೋಟನ್ನು ತಾಳಲಾರದೆ ಅದರ ಬದಲಿಗೆ ನಡುಪಟ್ಟಿಯನ್ನು ಹಿಡಿದುಕೊಂಡರು. ಪರದೇಶದ ಉಡುಪೆಂದು ನಾವು ಅಂಜುವ ಅದರ ನಡುವಿಗೆ ನಮ್ಮ ದೇಶವೇ ಸುತ್ತಿಕೊಂಡಿದೆ.

ಹಾಗಾದರೆ ಪತ್ರಿಕೆಯ ಮಾತು ಇವೆರಡರಲ್ಲಿ ಯಾವುದನ್ನು ಹೇಳುತ್ತದೆ? ಹಳೆಯ ಶಾಸ್ತ್ರದ ಪ್ರಕಾರ ‘ಫಾರ್ಮಲ್’ ಎಂಬುದು ಮೇಲಿನ ಮೆಟ್ಟಿಲಿಗೇ ಸಲ್ಲುತ್ತಿತ್ತು. ಈಗಿನ ರೂಢಿಯಲ್ಲಿ ಹಾಗಲ್ಲ. ಬಿಳಿಯ ಟೈ ಬೇಕೆಂದಿದ್ದವರು ಅದನ್ನು ಹೆಸರು ಹಿಡಿದೇ ಬರೆಯುತ್ತಾರೆ. ಬರೆದಿಲ್ಲವಾದರೆ ಕರಿಯ ಟೈಯ ಮೆಟ್ಟಿಲೆಂದು ತಿಳಿಯಬೇಕು; ಅದು ಇಲ್ಲದವರು ಕಡುಬಣ್ಣದ ಸೂಟು ಧರಿಸಿ ಬಂದರೆ ಬಹುಮಟ್ಟಿಗೆ ಯಾರೂ ಆಕ್ಷೇಪಿಸುವುದಿಲ್ಲ. ಸಲ್ಲದಿರುವುದು ಅರ್ಧತೋಳಿನ ಅಂಗಿ, ಜೀನ್ಸ್, ಆಟದ ಬೂಟು ಇಂಥವು. ಮಾತು ಅಸ್ಪಷ್ಟವಾಗಿರುವುದರಿಂದ ಉತ್ತರ ಕೊಡುವಾಗಲೇ ‘ಸಂಜೆಗೆ ಏನು ಧರಿಸಿದರೆ ಒಪ್ಪುತ್ತದೆ’ ಎಂದು ಕೇಳಿಬಿಡುವುದು ಉಚಿತ. ಎಡಮೂಲೆಯ ಸಂಖ್ಯೆ ಬಲಮೂಲೆಯ ಸಂಶಯಕ್ಕೂ ಒದಗುತ್ತದೆ.

ನಮ್ಮವರ ನಿಜವಾದ ಪ್ರಶ್ನೆ ಬೇರೆ. ನಮ್ಮ ಉಡುಪು ಅಲ್ಲಿ ನಡೆಯುತ್ತದೆಯೇ? ಹೆಂಗಸರ ವಿಷಯದಲ್ಲಿ ತೊಡಕೇ ಇಲ್ಲ. ಪಾದದವರೆಗೆ ಇಳಿಯುವ ಉಡುಪು ಅವರ ಸಂಜೆಯ ನಿಯಮ. ಸೀರೆ ಹುಟ್ಟುತ್ತಲೇ ಆ ನಿಯಮವನ್ನು ಪಾಲಿಸಿದೆ. ರೇಷ್ಮೆ ಸೆರಗಿನ ಇಳಕಲ್ ಸೀರೆಯುಟ್ಟ ಅಜ್ಜಿ ಯಾವ ಅರಮನೆಯ ಬಾಗಿಲಿನಲ್ಲಿಯೂ ತಡೆದು ನಿಲ್ಲಬೇಕಾಗಿಲ್ಲ. ಅಚ್ಚ ಬಿಳಿಯದೊಂದನ್ನು ಬಿಡಬೇಕು; ಅವರಲ್ಲಿ ಅದು ವಧುವಿನ ಬಣ್ಣ.

ಗಂಡಸರ ಧೋತರದ ವಿಷಯಕ್ಕೆ ನಾನು ಸೋದರಮಾವನಿಗೆ ಹೇಳಿದ ದೃಷ್ಟಾಂತ ಒಂದೇ. ಉಡುಪಿನ ಕಟ್ಟುನಿಟ್ಟಿಗೆ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ನಡೆಯುವ ನೊಬೆಲ್ ಪ್ರಶಸ್ತಿ ಪ್ರದಾನ ಹೆಸರಾದುದು. ಗಂಡಸರಿಗೆ ಅಲ್ಲಿ ಬಿಳಿಯ ಟೈ, ಬಾಲದ ಕೋಟು. ಎಂದರೆ ಮೇಲಿನ ಮೆಟ್ಟಿಲು. ಆದರೆ ಅದರ ಬದಲು ತಮ್ಮ ತಮ್ಮ ದೇಶದ ಉಡುಪನ್ನು ಧರಿಸಲು ನಿಯಮದಲ್ಲಿಯೇ ಅವಕಾಶವಿದೆ. 2019ರ ಡಿಸೆಂಬರ್ 10ರಂದು ಅರ್ಥಶಾಸ್ತ್ರಕ್ಕಾಗಿ ಪ್ರಶಸ್ತಿ ಪಡೆಯಲು ಅಭಿಜಿತ್ ಬ್ಯಾನರ್ಜಿಯವರು ಧೋತರವನ್ನುಟ್ಟು, ಮೇಲೆ ಕರಿಯ ಮುಚ್ಚುಗೊರಳಿನ ಕೋಟನ್ನು ತೊಟ್ಟು ಬಂದರು. ಅವರೊಡನೆ ಪ್ರಶಸ್ತಿಯನ್ನು ಹಂಚಿಕೊಂಡ ಪತ್ನಿ ಎಸ್ತೆರ್ ದುಫ್ಲೊ, ಫ್ರಾನ್ಸಿನಲ್ಲಿ ಹುಟ್ಟಿದವರು, ಸೀರೆಯುಟ್ಟು ಬಂದರು. ಸ್ವೀಡನ್ನಿನ ಅರಸರ ಮುಂದೆ ಸಲ್ಲುವ ಧೋತರ ಗೋವೆಯ ಹೋಟೆಲಿನಲ್ಲಿ ಸಲ್ಲದಿರಲು ಕಾರಣವಿಲ್ಲ. ಅಚ್ಚುಕಟ್ಟು ಮಾತ್ರ ಬೇಕು: ಇಸ್ತ್ರಿಯಾದ ಜರಿಯಂಚಿನ ಧೋತರ, ಮೈಗೆ ಸರಿಯಾಗಿ ಹೊಲಿದ ಮುಚ್ಚುಗೊರಳಿನ ಕೋಟು. ಷರಾಯಿ ಹಾಕುವವರಿಗಾದರೆ ಅದೇ ಕೋಟು, ಅದೇ ಬಟ್ಟೆಯ ಷರಾಯಿ, ಹೊಳಪು ಹಾಕಿದ ಕರಿಯ ಬೂಟು. ಅಥಣಿ, ನಿಪ್ಪಾಣಿಗಳ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗಳಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡಕ್ಕೂ ಸೇರಿ ಭೌಗೋಳಿಕ ಗುರುತು ಸಿಕ್ಕಿದೆ. ಧೋತರದೊಡನೆ ಅವು ಚೆಂದವೇ, ಷರಾಯಿಯೊಡನೆ ಸಂಜೆಯ ಊಟಕ್ಕೆ ಒಪ್ಪುವುದಿಲ್ಲ.

“ಲಗ್ನದಾಗ ಕರೀ ಅರಿಬಿ ಹ್ಯಾಂಗ ಹಾಕ್ಕೊಳ್ಳೂದ್ರೀ?” ಎಂದು ಅವರು ಕೇಳಿದರು. ಪ್ರಶ್ನೆ ಸಾಧುವಾದುದೇ. ಮಂಗಳಕಾರ್ಯದಲ್ಲಿ ಕಪ್ಪು ನಮಗೆ ವರ್ಜ್ಯ, ಅವರಿಗೆ ಅದೇ ಶಿಷ್ಟ. ದಾರಿ ಅವರ ಪದ್ಧತಿಯಲ್ಲಿಯೇ ಇದೆ. ನಡುರಾತ್ರಿಯ ಆಕಾಶದಂಥ ಕಡುನೀಲಿಯನ್ನು ಅವರು ಸಂಜೆಯುಡುಪಿಗೆ ಕಪ್ಪಿನಷ್ಟೇ ಸರಿಯೆಂದು ಒಪ್ಪಿದ್ದಾರೆ. ದೀಪದ ಬೆಳಕಿನಲ್ಲಿ ಅದು ಕಪ್ಪಿಗಿಂತ ಹಿತವಾಗಿ ಕಾಣುತ್ತದೆಂದು ಅವರ ದರ್ಜಿಗಳ ಹೇಳಿಕೆ. ನಿಪ್ಪಾಣಿಯ ದರ್ಜಿ ಕಡುನೀಲಿಯ ಕೋಟೊಂದನ್ನು ಹೊಲಿದುಕೊಟ್ಟ. ರುಮಾಲು ಹಳೆಯದೇ. ಬೆಳಗಿನ ಅಕ್ಷತೆಗೆ ಅವರ ನಿತ್ಯದ ಉಡುಪೇ ಸಾಕಿತ್ತು, ಏಕೆಂದರೆ ಪತ್ರಿಕೆಯ ಸೂಚನೆ ಸಂಜೆಗೆ ಮಾತ್ರ.

ಇಂಥ ಸೂಚನೆ ಹಾಕುವುದು ಅವಮಾನವಲ್ಲವೇ ಎಂದು ನೀವು ಕೇಳಬಹುದು. ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು. 2014ರ ಜುಲೈಯಲ್ಲಿ ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರನ್ನು ಪಂಚೆ ಉಟ್ಟಿದ್ದಕ್ಕಾಗಿ ಬಾಗಿಲಿನಲ್ಲಿ ತಡೆದರು. ಅದೇ ವರ್ಷ ತಮಿಳುನಾಡು ಅಂಥ ನಿರ್ಬಂಧವನ್ನು ತೆಗೆದುಹಾಕುವ ಕಾಯಿದೆ ಮಾಡಿತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಇದೇ ಪಂಚೆಯ ಕಾರಣದಿಂದ ಒಳಗೆ ಬಿಡಲಿಲ್ಲ. ಸರಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅವು ಹತ್ತು ಜನ ಬರುವ ಸ್ಥಳಗಳು. ಅಲ್ಲಿ ಉಡುಪಿನ ಹೆಸರಿನಿಂದ ಮನುಷ್ಯನನ್ನು ತಡೆದದ್ದು ಅವಮಾನವೇ. ಮದುವೆಯ ಪತ್ರಿಕೆಯ ಸಾಲು ಹಾಗಲ್ಲ. ಕರೆದವರು ತಮ್ಮ ಸಂಜೆ ಹೇಗೆ ಕಾಣಬೇಕೆಂದು ಬಯಸಿದ್ದಾರೋ ಅದನ್ನು ಮೊದಲೇ ಹೇಳುತ್ತಾರೆ, ಬಂದವನು ಒಬ್ಬಂಟಿಯಾಗಿ ಬೇರೆಯಾಗಿ ನಿಂತು ಸಂಕೋಚಪಡದಿರಲೆಂದು. ಆದರೂ, ಕೋಟು ಹೊಲಿಸುವ ಶಕ್ತಿಯಿಲ್ಲದ ಬಂಧುಗಳಿಗೂ ಇದೇ ಸಾಲನ್ನು ಕಳಿಸುವವರು ಸ್ವಲ್ಪ ಯೋಚಿಸಬೇಕಿತ್ತೆಂದು ನನಗನ್ನಿಸುತ್ತದೆ. ‘ಅಥವಾ ನಮ್ಮ ದೇಶದ ಉಡುಪು’ ಎಂಬ ಮೂರು ನಾಲ್ಕು ಶಬ್ದಗಳನ್ನು ಸೇರಿಸಿದ್ದರೆ ಅಕ್ಕೋಳದ ಪತ್ರಿಕೆ ದೇವರ ಪಟದ ಹಿಂದೆ ಹೋಗುತ್ತಿರಲಿಲ್ಲ.

ಅದೇ ಪತ್ರಿಕೆಯ ಬಲಮೂಲೆಯಲ್ಲಿ ಇನ್ನೊಂದು ಸಾಲಿತ್ತು: ‘ಕ್ಯಾರಿಜಸ್, ರಾತ್ರಿ 11.30’. ರಾತ್ರಿ ಹನ್ನೊಂದೂವರೆಗೆ ಗಾಡಿ ಕಳಿಸುತ್ತಾರೆಂದು ಮನೆಯವರು ತಿಳಿದಿದ್ದರು. ಗಾಡಿ ಯಾವುದೂ ಬರುವುದಿಲ್ಲ. ಕುದುರೆಸಾರೋಟಿನ ಕಾಲದಲ್ಲಿ ಅತಿಥಿಗಳು ತಮ್ಮ ಸಾರಥಿಗೆ ಇಂಥ ಹೊತ್ತಿಗೆ ಬಂದು ಕರೆದೊಯ್ಯೆಂದು ಹೇಳಿಡಲಿಕ್ಕಾಗಿ ಹುಟ್ಟಿದ ಸಾಲದು. ಈಗ ಅದರ ಅರ್ಥ, ಸಮಾರಂಭ ಮುಗಿಯುವುದು ಆ ಹೊತ್ತಿಗೆ ಎಂದಷ್ಟೆ. ಬಾಡಿಗೆಯ ಮೋಟಾರನ್ನು ನೀವೇ ಹೇಳಿಡಬೇಕು.

ನಮ್ಮ ಭಾಗದಲ್ಲಿ ತಟ್ಟೆಯ ಲೆಕ್ಕದ ಮದುವೆಗಳು ಹೆಚ್ಚುತ್ತಿರುವುದರಿಂದ, ಪತ್ರಿಕೆ ಅಚ್ಚು ಹಾಕಿಸುವವರು ಫ್ರೆಂಚ್ ಅಕ್ಷರಗಳನ್ನು ಬಿಟ್ಟು ಕನ್ನಡದಲ್ಲಿಯೇ ಬರೆಸಬಹುದು. ಎಡ ಮೂಲೆಗೆ, ‘ತಮ್ಮ ಮನೆಯಿಂದ ಎಷ್ಟು ಜನ ಬರುವಿರೆಂದು ನವೆಂಬರ್ 8ರೊಳಗೆ ತಿಳಿಸಿದರೆ ಊಟದ ವ್ಯವಸ್ಥೆಗೆ ಉಪಕಾರವಾಗುತ್ತದೆ’. ಬಲಮೂಲೆಗೆ, ‘ಸಂಜೆಗೆ ಕಡುಬಣ್ಣದ ಸೂಟು, ಅಥವಾ ರೇಷ್ಮೆಯ ಸೀರೆ, ಧೋತರ’. ಅಚ್ಚಿನಲ್ಲಿ ಇಷ್ಟು ಹಿಡಿಯುವುದಿಲ್ಲವೆಂದು ಅಚ್ಚುಕೂಟದವರು ಹೇಳಿದರೆ, ಕೆಳಗಿನ ಹೆಸರುಗಳ ಪಟ್ಟಿಯಿಂದ ಎರಡು ಸಾಲು ತೆಗೆಯಲು ಹೇಳಿರಿ. ಯಾರ ಹೆಸರನ್ನು ತೆಗೆಯುವುದೆಂಬ ಜಗಳವನ್ನು ಬಗೆಹರಿಸುವುದು ಮಾತ್ರ ನನ್ನ ಶಕ್ತಿಗೆ ಮೀರಿದ್ದು.